«ಡಿಎಂ ಮಾಡಿ» ಅಂದ್ರೆ ಮುಗೀತಾ?

ಹರೀಶ: [ಸ್ಕ್ರೀನ್‌ಶಾಟ್] ಈ ಕೊರಿಯರ್ ಕಂಪನಿ ಉತ್ತರ ನೋಡ್ರೋ. ಪಾರ್ಸೆಲ್ ಬಂದಿಲ್ಲ ಅಂತ ಎಕ್ಸ್‌ನಲ್ಲಿ ಬರೆದವರಿಗೆಲ್ಲ ಒಂದೇ ಸಾಲು, «ಕ್ಷಮಿಸಿ, ಡಿಎಂ ಮಾಡಿ», ಅಂದ್ರೆ ಖಾಸಗಿ ಮೆಸೇಜ್ ಕಳಿಸಿ ಅಂತ. ತಪ್ಪು ಮುಚ್ಚಿಡೋ ಉಪಾಯ ಅಷ್ಟೇ. ಎಲ್ಲರೆದುರೇ ಉತ್ತರ ಕೊಡಲಿ.

ಸುಮಾ: ಪಾರ್ಸೆಲ್ ಹುಡುಕೋಕೆ ಟ್ರ್ಯಾಕಿಂಗ್ ನಂಬರ್, ಕೆಲವು ಸಲ ಮೊಬೈಲ್, ವಿಳಾಸ ಬೇಕು ಕಣೋ. ಅವನ್ನ ಎಲ್ಲರೆದುರು ಕೇಳಿದ್ರೆ ವಂಚಕರಿಗೇ ಸಿಗೋದು. ಫೋನ್ ಮಾಡಿ «ನಿಮ್ಮ ಪಾರ್ಸೆಲ್ ನಿಂತಿದೆ, 5 ರೂಪಾಯಿ ಕಟ್ಟಿ» ಅಂತ ಲಿಂಕ್ ಕಳಿಸ್ತಾರೆ. ದೂರಿನ ವಿವರ ಅವರ ಬಾಯಲ್ಲೇ ಇರೋದ್ರಿಂದ ಜನ ನಂಬಿಬಿಡ್ತಾರೆ.

ನಾಗರಾಜ: ಇನ್ನೊಂದಿದೆ. ಕಂಪನಿಯದೇ ಲೋಗೋ ಹಾಕ್ಕೊಂಡು, ಹೆಸರಲ್ಲಿ ಒಂದಕ್ಷರ ಬದಲಾಯಿಸಿದ ನಕಲಿ ಖಾತೆ ಅದೇ ದೂರಿನ ಕೆಳಗೆ «ನಮಗೆ ಡಿಎಂ ಮಾಡಿ» ಅಂತ ಬರೆಯುತ್ತೆ. ಬರೀ ಒಂದು ಸಾಲು ಬರೆದ್ರೆ ಅಸಲಿ ಯಾವುದು, ನಕಲಿ ಯಾವುದು ಗೊತ್ತಾಗಲ್ಲ.

ಹರೀಶ: ಸರಿ, ಹಾಗಾದ್ರೆ ಹೇಗೆ ಬರೀಬೇಕು?

ಸುಮಾ: ಹೀಗೆ: «ಮಂಗಳವಾರ ಬರಬೇಕಿದ್ದ ಪಾರ್ಸೆಲ್ ಇನ್ನೂ ತಲುಪಿಲ್ಲ, ಕ್ಷಮಿಸಿ. ಕೆಳಗಿನ ಬಟನ್ ಒತ್ತಿ ಟ್ರ್ಯಾಕಿಂಗ್ ನಂಬರ್ ಮಾತ್ರ ಕಳಿಸಿ. ಒಟಿಪಿ, ಹಣ ನಾವು ಕೇಳಲ್ಲ. ಇವತ್ತು ಸಂಜೆ 6ರೊಳಗೆ ಉತ್ತರಿಸ್ತೀವಿ. – ಅನಿತಾ». ದೂರೇನು ಅನ್ನೋದು ಗ್ರಾಹಕರ ಮಾತಲ್ಲೇ ಬಂತು. ಏನು ಕಳಿಸ್ಬೇಕು, ಯಾವಾಗ ಉತ್ತರ, ಯಾರು ನೋಡ್ತಾರೆ ಅನ್ನೋದೂ ಬಂತು. ಗ್ರಾಹಕರೇ ಬರೆಯದ ಊರು, ಹೆಸರು, ಆರ್ಡರ್ ಏನು ಅಂತ ನಾವಾಗಿ ಸೇರಿಸಬಾರದು.

ನಾಗರಾಜ: ಆ ಬಟನ್ ಬರೋಕೆ ಉತ್ತರದ ಕೊನೆಗೆ ಈ ಲಿಂಕ್ ಹಾಕ್ಬೇಕು:

```
https://twitter.com/messages/compose?recipient_id=
```

ಸಮ ಚಿಹ್ನೆ ಆದ್ಮೇಲೆ ಕಂಪನಿ ಖಾತೆಯ ಅಂಕಿ ಐಡಿ, @ ಹೆಸರಲ್ಲ. ಆಗ ಗ್ರಾಹಕರು ಹೆಸರು ಹುಡುಕಿ ನಕಲಿ ಖಾತೆಗೆ ಹೋಗೋ ಪ್ರಮೇಯ ಬರಲ್ಲ. ಕಂಪನಿ ಖಾತೆಯ ಸೆಟ್ಟಿಂಗ್‌ನಲ್ಲಿ ಎಲ್ಲರಿಂದಲೂ ಮೆಸೇಜ್ ಸ್ವೀಕರಿಸೋದು ಆನ್ ಇರ್ಬೇಕು. ಅದು ಆಫ್ ಇದ್ದು «ಡಿಎಂ ಮಾಡಿ» ಅಂತ ಬರೆದ್ರೆ, ಮೆಸೇಜ್ ಹೋಗದ ಗ್ರಾಹಕರು ಇನ್ನೂ ರೇಗಿಕೊಂಡು ಮತ್ತೆ ಎಲ್ಲರೆದುರೇ ಬರೀತಾರೆ.

ಹರೀಶ: ಗ್ರಾಹಕರೇ ಫೋನ್ ನಂಬರ್ ಬರೆದುಬಿಟ್ಟಿದ್ರೆ?

ಸುಮಾ: ಮೊದಲು «ದಯವಿಟ್ಟು ಆ ಪೋಸ್ಟ್ ಅಳಿಸಿ» ಅನ್ನಬೇಕು. ನಂಬರ್ ಇರೋ ಪೋಸ್ಟನ್ನ ಕೋಟ್ ಮಾಡಿ ಉತ್ತರ ಕೊಡಲೇಬಾರದು, ಇನ್ನಷ್ಟು ಜನಕ್ಕೆ ಕಾಣುತ್ತೆ.

ಹರೀಶ: ಆದ್ರೂ ನನ್ನ ತಕರಾರು ಹಾಗೇ ಇದೆ. ಒಳಗೆ ಹೋದ ದೂರಿಗೆ ಏನಾಯ್ತು ಅಂತ ನೋಡಿದವರಿಗೆ ಗೊತ್ತಾಗೋದು ಹೇಗೆ?

ಸುಮಾ: ಅದು ನ್ಯಾಯವೇ. ಕೆಲಸ ಮುಗಿದ ಮೇಲೆ ಅದೇ ಥ್ರೆಡ್‌ಗೆ ಬಂದು «ಪಾರ್ಸೆಲ್ ಇವತ್ತು ತಲುಪಿದೆ» ಅಂತ ಬರೀಬೇಕು, ಗ್ರಾಹಕರು ಒಪ್ಪಿದ್ರೆ ಮಾತ್ರ. ಈ ಹೆಜ್ಜೆ ಬಿಟ್ಟಾಗಲೇ ನೀನು ಹೇಳೋ ಅನುಮಾನ ಹುಟ್ಟೋದು.

ನಾಗರಾಜ: ಒಂದೇ ಗೋದಾಮಿನ ಪಾರ್ಸೆಲ್‌ಗಳೆಲ್ಲ ನಿಂತಿದ್ರೆ ಒಬ್ಬೊಬ್ಬರನ್ನೂ ಡಿಎಂಗೆ ಕರೆಯೋದು ತಪ್ಪು. ಅಲ್ಲಿ ಖಾಸಗಿ ವಿವರ ಏನೂ ಬೇಡ. ಕಾರಣ, ಯಾವತ್ತು ತಲುಪುತ್ತೆ ಅನ್ನೋದನ್ನ ಖಾತೆಯ ಮೇಲೆ ಪಿನ್ ಮಾಡಿದ ಪೋಸ್ಟಲ್ಲೇ ಹೇಳ್ಬೇಕು.

ಹರೀಶ: ಈ ಸ್ಕ್ರೀನ್‌ಶಾಟ್‌ನಲ್ಲಿ ಎಲ್ಲರೂ ಒಂದೇ ಗೋದಾಮಿನ ಹೆಸರು ಹೇಳಿದ್ದಾರೆ, ದೊಡ್ಡದು ಮಾಡಿ ನೋಡಿ.

ನಾಗರಾಜ: ಹೌದು ಕಣೋ. ಹಾಗಾದ್ರೆ ಇಲ್ಲಿ ಡಿಎಂ ಕೇಳಿದ್ದು ತಪ್ಪೇ.