ಉಳಿದ ನೋವಿನ ಮಾತ್ರೆ ಪಕ್ಕದ ಮನೆಗೆ ಹೋದಾಗ

ಪ್ರಶ್ನೆ (ನಿವೃತ್ತ ಶಿಕ್ಷಕಿ, ಮೈಸೂರು): ನಮ್ಮ ಬಡಾವಣೆಯ ಹಿರಿಯ ನಾಗರಿಕರ ಬಳಗದಲ್ಲಿ ಹತ್ತು ನಿಮಿಷ ಮಾತನಾಡಲು ನನ್ನನ್ನು ಕೇಳಿದ್ದಾರೆ. ವೈದ್ಯರು ಬರೆದುಕೊಟ್ಟು ಉಳಿದ ಮಾತ್ರೆಗಳನ್ನು ನೆರೆಯವರಿಗೆ, ನೆಂಟರಿಗೆ ಕೊಡಬಾರದು ಎಂಬುದು ವಿಷಯ. "ಕೊಡಬೇಡಿ" ಎಂದಷ್ಟೇ ಹೇಳಿದರೆ ತಲೆಯಾಡಿಸಿ ಎದ್ದು ಹೋಗುತ್ತಾರೆ. ಅವರಿಗೆ ನಾಟುವಂತೆ ಯಾವ ಉದಾಹರಣೆ ಹೇಳಲಿ?

ಉತ್ತರ (ಆಸ್ಪತ್ರೆಯೊಂದರ ಫಾರ್ಮಸಿಸ್ಟ್): ಮೇಡಂ, ಹತ್ತು ನಿಮಿಷಕ್ಕೆ ಒಂದೇ ಮಾತ್ರೆ ಸಾಕು. ಮಂಡಿನೋವಿನ ಮಾತ್ರೆಯನ್ನು ಆರಿಸಿಕೊಳ್ಳಿ. ನಿಮ್ಮ ಸಭೆಯಲ್ಲಿ ಅರ್ಧಕ್ಕರ್ಧ ಜನರಿಗೆ ಮಂಡಿನೋವು, ಬಹುಪಾಲು ಜನರಿಗೆ ಬಿ.ಪಿ. ಇರುತ್ತದೆ. ಅಪಾಯ ಹುಟ್ಟುವುದು ಅವೆರಡೂ ಸೇರುವ ಕಡೆಯೇ.

ನಾನು ಕಂಡ ಒಂದು ಪ್ರಕರಣ ಹೇಳುತ್ತೇನೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಬಿ.ಪಿ.ಗೆಂದು ದಿನಕ್ಕೊಂದು ಮಾತ್ರೆ. ಅದರಲ್ಲಿ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ, ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ 12.5 ಮಿಲಿಗ್ರಾಂ. ಮಂಡಿ ಹಿಡಿದುಕೊಂಡಾಗ ಪಕ್ಕದ ಮನೆಯಾಕೆ ತಮಗೆ ಉಳಿದಿದ್ದ ನೋವಿನ ಮಾತ್ರೆ ಕೊಟ್ಟರು: ಅಸಿಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325. ಬೆಳಿಗ್ಗೆ ಒಂದು, ರಾತ್ರಿ ಒಂದು. ಮೊದಲ ದಿನವೇ ನೋವು ಇಳಿಯಿತು, ಹಾಗಾಗಿ ಮುಂದುವರಿಸಿದರು. ಮೂರನೆಯ ದಿನ ಭೇದಿಯಾಯಿತು. ಎದ್ದು ಓಡಾಡಲು ಬೇಸರವೆಂದು ನೀರನ್ನೂ ಕಡಿಮೆ ಕುಡಿದರು. ಐದನೆಯ ದಿನಕ್ಕೆ ಮೂತ್ರ ಕಡಿಮೆ, ಪಾದ ಊದಿತ್ತು, ಊಟ ಕಂಡರೆ ವಾಕರಿಕೆ. ಮೂತ್ರಪಿಂಡ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಹಿಂದಿನ ವರದಿಯಲ್ಲಿ 1.0 ಇದ್ದದ್ದು 2.9 ಆಗಿತ್ತು. "ಬೇರೆ ಯಾವ ಮಾತ್ರೆ ನುಂಗಿದಿರಿ?" ಎಂದು ವೈದ್ಯರು ಕೇಳಿದಾಗ "ಯಾವುದೂ ಇಲ್ಲ" ಎಂದಿದ್ದರು. ಪಕ್ಕದ ಮನೆಯದು ಅವರ ಲೆಕ್ಕದಲ್ಲಿ ಔಷಧವೇ ಆಗಿರಲಿಲ್ಲ.

ಇದು ಹೇಗಾಯಿತು ಎಂಬುದನ್ನು ಸಭೆಗೆ ಬಿಡಿಸಿ ಹೇಳಿ. ಮೂತ್ರಪಿಂಡದ ಸೋಸುವ ಭಾಗಕ್ಕೆ ರಕ್ತ ಒಂದು ಸಣ್ಣ ನಾಳದಿಂದ ಬಂದು ಇನ್ನೊಂದರಿಂದ ಹೊರಹೋಗುತ್ತದೆ. ಸೋಸುವುದಕ್ಕೆ ನಡುವೆ ಒಂದಿಷ್ಟು ಒತ್ತಡ ಬೇಕು. ಟೆಲ್ಮಿಸಾರ್ಟನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಮೂತ್ರದ ಮಾತ್ರೆ ಮೈಯ ನೀರನ್ನು ತಗ್ಗಿಸುತ್ತದೆ. ಆಗ ದೇಹ ಒಳಬರುವ ನಾಳವನ್ನು ಹಿಗ್ಗಿಸಿಕೊಂಡು ಹೇಗೋ ಸರಿದೂಗಿಸುತ್ತದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಆ ಹಿಗ್ಗುವಿಕೆಯನ್ನೇ ತಡೆಯುತ್ತವೆ. ಮೇಲಿನ ತೊಟ್ಟಿಯ ನೀರು ಇಳಿದಿರುವಾಗ ಬರುವ ಕೊಳಾಯಿಯನ್ನೂ ತಿರುಗಿಸಿ ಬಿಗಿ ಮಾಡಿದಂತೆ. ಮೂರೂ ಸೇರಿದವರೆಲ್ಲರಿಗೂ ಹೀಗಾಗುವುದಿಲ್ಲ. ಆದರೆ ವಯಸ್ಸಾದವರಿಗೆ, ವಾಂತಿ, ಭೇದಿ, ಜ್ವರ ಇದ್ದಾಗ, ಮೊದಲ ಕೆಲವು ದಿನಗಳಲ್ಲೇ ಆಗಬಹುದು.

ಮಾತ್ರೆ ಕೊಟ್ಟಾಕೆಗೆ ಅದೇ ಮಾತ್ರೆಯಿಂದ ಏನೂ ಆಗಿರಲಿಲ್ಲ ಎಂಬುದನ್ನು ಮರೆಯದೆ ಹೇಳಿ. ಆಕೆಗೆ ಬಿ.ಪಿ. ಇರಲಿಲ್ಲ, ರಕ್ತ ಪರೀಕ್ಷೆ ನೋಡಿಯೇ ವೈದ್ಯರು ಐದು ದಿನಕ್ಕೆ ಬರೆದಿದ್ದರು. "ನನಗೆ ಒಗ್ಗಿತು" ಎಂಬ ಮಾತು ನಿಜವೇ. ಅದು ಪಕ್ಕದವರ ಮೂತ್ರಪಿಂಡದ ಬಗ್ಗೆ ಏನನ್ನೂ ಹೇಳುವುದಿಲ್ಲ, ಅಷ್ಟೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ: ನೋವಿನ ಮಾತ್ರೆ ಹೊಟ್ಟೆಯನ್ನು ಸುಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅದಕ್ಕೇ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗಿ, ಊಟವಾದ ಮೇಲೆ ನೋವಿನ ಮಾತ್ರೆ ತೆಗೆದುಕೊಂಡರೆ ಏನೂ ಆಗುವುದಿಲ್ಲ. ನಾನು ವರ್ಷಗಟ್ಟಲೆ ಹಾಗೇ ಮಾಡುತ್ತಿದ್ದೇನೆ.

ಫಾರ್ಮಸಿಸ್ಟ್: ಸರ್, ಹೊಟ್ಟೆಯ ಮಟ್ಟಿಗೆ ನಿಮ್ಮ ಮಾತು ಬಹುಪಾಲು ಸರಿ. ಹುಣ್ಣು, ರಕ್ತಸ್ರಾವದ ಸಾಧ್ಯತೆಯನ್ನು ಅದು ತಗ್ಗಿಸುತ್ತದೆ. ಆದರೆ ಗ್ಯಾಸ್ ಮಾತ್ರೆ ಮೂತ್ರಪಿಂಡವನ್ನು ಕಾಯುವುದಿಲ್ಲ. ಹೊಟ್ಟೆ ಉರಿಯದಿದ್ದರೆ ಎಲ್ಲವೂ ಕ್ಷೇಮ ಎಂದುಕೊಳ್ಳುವುದೇ ಇಲ್ಲಿನ ತೊಡಕು. ಮೂತ್ರಪಿಂಡ ನೋಯುವುದಿಲ್ಲ, ಉರಿಯುವುದೂ ಇಲ್ಲ. ವರ್ಷಗಟ್ಟಲೆ ಎನ್ನುತ್ತಿದ್ದೀರಿ, ಈ ವಾರವೇ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ವರದಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ.

ಗೃಹಿಣಿ, ದಾವಣಗೆರೆ: ನಮ್ಮ ಮನೆಯಲ್ಲಿ ಆಗಿದ್ದು ಸಕ್ಕರೆ ಕಾಯಿಲೆಯ ಮಾತ್ರೆಯಿಂದ. ಊರಿಗೆ ಬಂದಿದ್ದ ನಾದಿನಿ ತಮ್ಮ ಮಾತ್ರೆ ಮರೆತು ಬಂದಿದ್ದರು. ನಮ್ಮ ಮಾವನವರ ಗ್ಲಿಮೆಪಿರೈಡ್ ಕೊಟ್ಟೆವು, ಎರಡೂ ಸಕ್ಕರೆಯದೇ ಅಲ್ಲವೇ ಎಂದು. ಅವರದು ಬರೀ ಮೆಟ್‌ಫಾರ್ಮಿನ್ ಅಂತೆ. ಅಂದು ಏಕಾದಶಿ, ಊಟವೂ ಇಲ್ಲ. ಮಧ್ಯಾಹ್ನ ಬೆವರಿ, ನಡುಗಿ, ಏನೇನೋ ಮಾತಾಡತೊಡಗಿದರು. ಸಕ್ಕರೆ ನೀರು ಕುಡಿಸಿದೆವು, ಸರಿಹೋದರು.

ಫಾರ್ಮಸಿಸ್ಟ್: ಕುಡಿಸಿದ್ದು ಸರಿ, ಅವರಿಗೆ ನುಂಗುವಷ್ಟು ಎಚ್ಚರವಿತ್ತು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಗ್ಲಿಮೆಪಿರೈಡ್ ಊಟ ಇರಲಿ ಬಿಡಲಿ ಸಕ್ಕರೆಯನ್ನು ಇಳಿಸುತ್ತದೆ, ಮತ್ತು ಒಮ್ಮೆ ಸರಿಹೋದ ಮೇಲೂ ಗಂಟೆಗಳು ಕಳೆದು ಮತ್ತೆ ಇಳಿಸಬಹುದು. ಆದ್ದರಿಂದ ಅಂಥವರನ್ನು ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಹಿರಿಯರೊಬ್ಬರು, ಶಿವಮೊಗ್ಗ: ಒಳ್ಳೆಯ ಮಾತ್ರೆ ಕಸಕ್ಕೆ ಹೋಗಬೇಕೇ? ನಾನು ಉಳಿದದ್ದನ್ನೆಲ್ಲ ಡಬ್ಬಿಯಲ್ಲಿ ತುಂಬಿ ದೇವಸ್ಥಾನದ ಉಚಿತ ಚಿಕಿತ್ಸಾ ಶಿಬಿರಕ್ಕೆ ಕೊಡುತ್ತೇನೆ. ಇದೂ ತಪ್ಪೇ?

ಫಾರ್ಮಸಿಸ್ಟ್: ಶಿಬಿರದಲ್ಲಿ ವೈದ್ಯರೋ ಫಾರ್ಮಸಿಸ್ಟೋ ಕೂತು ನೋಡಿ ಕೊಡುತ್ತಾರಾದರೆ ಅದು ನೆರೆಮನೆಗೆ ಕೊಟ್ಟಂತಲ್ಲ. ಆದರೆ ಡಬ್ಬಿಯಲ್ಲಿರುವುದು ಕತ್ತರಿಸಿದ ಪಟ್ಟಿಗಳಾಗಿದ್ದರೆ ಯಾರೂ ತೆಗೆದುಕೊಳ್ಳಬಾರದು. ಅವಧಿ ಮುಗಿಯುವ ತಿಂಗಳನ್ನು ಸಾಮಾನ್ಯವಾಗಿ ಪಟ್ಟಿಯ ಒಂದು ತುದಿಯಲ್ಲಷ್ಟೇ ಒತ್ತಿರುತ್ತಾರೆ. ಆ ತುದಿ ಹೋದರೆ ಉಳಿದ ಮಾತ್ರೆ ಯಾವ ಕಾಲದ್ದೋ ತಿಳಿಯುವುದಿಲ್ಲ. ಕಸಕ್ಕೆ ಎಸೆಯುವ ಬಗ್ಗೆ ನನಗೂ ಸಮಾಧಾನವಿಲ್ಲ. ಉಳಿದ ಔಷಧವನ್ನು ವಾಪಸು ಪಡೆಯುವ ಏರ್ಪಾಡು ನಮ್ಮಲ್ಲಿ ಎಲ್ಲ ಅಂಗಡಿಗಳಲ್ಲೂ ಇಲ್ಲ. ನಿಮ್ಮ ಅಂಗಡಿಯವರನ್ನು ಕೇಳಿ ನೋಡಿ. ಇನ್ನೊಂದು ದಾರಿ, ಮೊದಲೇ ಕಡಿಮೆ ಕೊಳ್ಳುವುದು. ವೈದ್ಯರು ದಿನಕ್ಕೆರಡರಂತೆ ಐದು ದಿನಕ್ಕೆ ಬರೆದಿದ್ದರೆ ಹತ್ತು ಮಾತ್ರೆ ಸಾಕು, ಎರಡು ಪಟ್ಟಿ ಬೇಡ.

ಶಿಕ್ಷಕಿ: ಅಜ್ಜಿಯ ಪ್ರಕರಣವನ್ನೇ ಹೇಳುತ್ತೇನೆ. ಒಂದು ವೇಳೆ ಸಭೆಯಲ್ಲಿ ಯಾರಾದರೂ "ನಾನು ನಿನ್ನೆಯೇ ನುಂಗಿದೆ" ಎಂದರೆ? ಮತ್ತೆ, ಬಾಗಿಲಿಗೆ ಬಂದು ನೋವೆಂದು ಕೇಳಿದವರಿಗೆ ಬರಿಗೈ ತೋರಿಸುವುದು ಹೇಗೆ?

ಫಾರ್ಮಸಿಸ್ಟ್: ನುಂಗಿದವರು ನೋವಿನ ಮಾತ್ರೆ ನಿಲ್ಲಿಸಲಿ, ಹೆದರಿ ಬಿ.ಪಿ. ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ. ವೈದ್ಯರಿಗೆ ಫೋನ್ ಮಾಡಿ ಕೇಳಲಿ. ಮೂತ್ರ ಕಡಿಮೆಯಾಗಿದ್ದರೆ, ಪಾದ ಊದಿದ್ದರೆ, ಉಸಿರು ಕಟ್ಟಿದರೆ, ಮಲ ಕಪ್ಪಾಗಿದ್ದರೆ ಅಂದೇ ಆಸ್ಪತ್ರೆಗೆ, ಕೈಯಲ್ಲಿ ಎರಡೂ ಮಾತ್ರೆಗಳ ಪಟ್ಟಿ ಹಿಡಿದು. ನಾನು ಹೇಳಿದ ಅಜ್ಜಿಗೆ ಮಾತ್ರೆ ನಿಲ್ಲಿಸಿ, ಸಲೈನ್ ಕೊಟ್ಟ ಮೇಲೆ ಕೆಲವು ವಾರಗಳಲ್ಲಿ ಕ್ರಿಯಾಟಿನಿನ್ 1.3ಕ್ಕೆ ಬಂತು, ಪೂರ್ತಿ ಹಿಂದಿನ ಮಟ್ಟಕ್ಕೆ ಇಳಿಯಲಿಲ್ಲ.

ಬಾಗಿಲಿಗೆ ಬಂದವರಿಗೆ "ನೀವು ಬಿ.ಪಿ.ಗೆ ಏನು ತೆಗೆದುಕೊಳ್ಳುತ್ತೀರಿ ಎಂದು ನನಗೆ ಗೊತ್ತಿಲ್ಲ, ನಿಮ್ಮ ವೈದ್ಯರಿಗೆ ಈಗಲೇ ಫೋನ್ ಹಚ್ಚಿಕೊಡುತ್ತೇನೆ" ಎನ್ನಿ. ಬಿಸಿನೀರಿನ ಚೀಲ ಕೊಡಿ. ಅದನ್ನು ಎಷ್ಟು ಜನರಿಗಾದರೂ ಹಂಚಬಹುದು.

ನಿವೃತ್ತ ನರ್ಸ್, ಮಂಗಳೂರು: ಒಂದು ಕಡೆ ನನ್ನ ಒಪ್ಪಿಗೆಯಿಲ್ಲ. ಭಾನುವಾರ ರಾತ್ರಿ ನೆರೆಯಾಕೆಯ ಸ್ವಂತ ಬಿ.ಪಿ. ಮಾತ್ರೆ ಮುಗಿದಿದೆ, ನನ್ನದೂ ಅದೇ ಔಷಧ, ಅದೇ 40 ಮಿಲಿಗ್ರಾಂ. ಆಗಲೂ ಕೊಡಬಾರದೇ?

ಫಾರ್ಮಸಿಸ್ಟ್: ಸಿಸ್ಟರ್, ನೀವು ಪಟ್ಟಿಯ ಸಣ್ಣ ಅಕ್ಷರ ಓದಬಲ್ಲಿರಿ. ಸಭೆಯಲ್ಲಿ ಹಲವರು ಮಾತ್ರೆಯನ್ನು ಬಣ್ಣದಿಂದ ಗುರುತಿಸುವವರು. ಬಿ.ಪಿ. ಮಾತ್ರೆ ಒಂದು ಹೊತ್ತು ತಡವಾದರೆ ಸಾಮಾನ್ಯವಾಗಿ ಅನಾಹುತವಿಲ್ಲ, ಮರುದಿನ ಅಂಗಡಿ ತೆರೆಯುತ್ತದೆ.

ನಿವೃತ್ತ ನರ್ಸ್: ಎಲ್ಲ ಬಿ.ಪಿ. ಮಾತ್ರೆಗೂ ಆ ಮಾತು ಒಪ್ಪುವುದಿಲ್ಲ. ಕ್ಲೋನಿಡಿನ್ ತಪ್ಪಿಸಿದವರ ಬಿ.ಪಿ. ಏರಿದ್ದನ್ನು ವಾರ್ಡಿನಲ್ಲಿ ಕಂಡಿದ್ದೇನೆ.

ಫಾರ್ಮಸಿಸ್ಟ್: ಅದು ನಿಜ, ಒಪ್ಪಿದೆ. ಅಂಥವರು ರಾತ್ರಿಯಾದರೂ ತೆರೆದಿರುವ ಅಂಗಡಿಯನ್ನೋ ಆಸ್ಪತ್ರೆಯನ್ನೋ ಹುಡುಕಬೇಕು.

ಶಿಕ್ಷಕಿ: ನಿಮ್ಮಿಬ್ಬರ ಈ ಚರ್ಚೆಯನ್ನು ಸಭೆಗೆ ಒಯ್ಯುವುದಿಲ್ಲ, ಹತ್ತು ನಿಮಿಷ ಅಲ್ಲೇ ಮುಗಿದುಹೋದೀತು. ಮಾತ್ರೆ ಮುಗಿಯುವ ಐದು ದಿನ ಮೊದಲೇ ಕೊಂಡು ಇಟ್ಟುಕೊಳ್ಳಿ ಎಂದು ಮಾತ್ರ ಸೇರಿಸುತ್ತೇನೆ.