ಪದಚರ್ಚೆ: ಕೇಸಿನ್ "ನಿಧಾನ ಜೀರ್ಣ", ಕಿಡ್ನಿಗೆ "ಹೊರೆ" – ಸರಿಯಾದ ಪದಗಳಾ?

ಎಲ್ಲರಿಗೂ ನಮಸ್ಕಾರ. ನಮ್ಮೂರ ಜಿಮ್‌ಗೆ ಪ್ರೋಟೀನ್ ಪುಡಿ ಬಗ್ಗೆ ಕನ್ನಡದಲ್ಲಿ ಒಂದು ಕರಪತ್ರ ಬರೀತಿದೀನಿ. ವೇ ಅನ್ನೋದಕ್ಕೆ "ಒಡೆದ ಹಾಲಿನ ನೀರು" ಅಂತ ಬರ್ದೆ. ಹಾಲಿನ ಇನ್ನೊಂದು ಪ್ರೋಟೀನ್ ಆದ ಕೇಸಿನ್ "ನಿಧಾನವಾಗಿ ಜೀರ್ಣ ಆಗುತ್ತೆ" ಅಂದಿದ್ದಕ್ಕೆ ಓದಿದ ಹುಡುಗ "ಹಂಗಾದ್ರೆ ಹೊಟ್ಟೆ ಭಾರ ಆಗುತ್ತಾ ಅಣ್ಣ" ಅಂದ. ಇನ್ನು ಕಿಡ್ನಿ ಮೇಲಿನ ಲೋಡ್‌ಗೆ "ಹೊರೆ" ಅಂತ ಹಾಕಿದೀನಿ, ನಡಿಯುತ್ತಾ?

---

ನಡಿಯುತ್ತೆ. ಆದ್ರೆ ಪನೀರ್ ಮಾಡಿದ್ಮೇಲೆ ಉಳಿಯೋ ತಿಳಿನೀರೇ ವೇ ಅಲ್ವಾ, ನಮ್ಮನೇಲಿ ಅದನ್ನ ಚಪಾತಿ ಹಿಟ್ಟಿಗೆ ಹಾಕ್ತೀವಿ, ಡಬ್ಬಿಗೆ ದುಡ್ಡು ಯಾಕೆ ಅಂತಾನೂ ಬರೀರಿ.

---

ಮೇಡಂ, ಅರ್ಧ ಸರಿ. ಡೈರಿಲಿ ತುಂಬಾ ವರ್ಷ ಇದ್ದೆ, ಅದಕ್ಕೆ ಹೇಳ್ತೀನಿ. ಹಾಲನ್ನ ಚೆನ್ನಾಗಿ ಕುದಿಸಿ ನಿಂಬೆಹುಳಿ ಹಿಂಡಿದಾಗ ವೇ ಪ್ರೋಟೀನಿನ ದೊಡ್ಡ ಪಾಲು ಕಾವಿಗೆ ಕೆಟ್ಟು ಕೇಸಿನ್‌ಗೆ ಅಂಟ್ಕೊಂಡು ಪನೀರ್ ಜೊತೆಗೇ ಹೋಗುತ್ತೆ, ನೀರಲ್ಲಿ ಉಳಿಯೋದು ಸ್ವಲ್ಪ. ಪುಡಿ ಮಾಡೋದು ಚೀಸ್ ಮಾಡಿ ಉಳಿದ ನೀರನ್ನ ಫಿಲ್ಟರ್ ಮಾಡಿ, ಒಣಗಿಸಿ.

ಈಗ "ನಿಧಾನ"ದ ವಿಷಯ. ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸಿನ್. ಹೊಟ್ಟೆಯ ಆಸಿಡ್‌ಗೆ ಅದು ಮೊಸರಿನ ಹಾಗೆ ಗಟ್ಟಿಯಾಗಿ ಕರಗ್ತಾ ಕರಗ್ತಾ ಇಳಿಯುತ್ತೆ, ವೇ ನೀರಾಗೇ ಬೇಗ ಜಾರಿ ಹೋಗುತ್ತೆ. 1997ರ ಫ್ರಾನ್ಸಿನ ಅಧ್ಯಯನದಲ್ಲಿ ವೇ ಕುಡಿದವರ ರಕ್ತದಲ್ಲಿ ಅಮೈನೋ ಆಸಿಡ್ ಸರ್ರನೆ ಏರಿ ಬೇಗ ಇಳೀತು, ಕೇಸಿನ್‌ದು ಕಮ್ಮಿ ಏರಿದ್ರೂ 7 ಗಂಟೆವರೆಗೂ ನಿಂತಿತ್ತು. ಅಂದ್ರೆ ಅಜೀರ್ಣ ಅಲ್ಲ. "ಹೊತ್ತು ಹಿಡಿದು ರಕ್ತಕ್ಕೆ ಸೇರುತ್ತೆ" ಅಂತ ಬರೆದ್ರೆ ಹುಡುಗ ಹೆದರಲ್ಲ.

---

ಕಿಡ್ನಿ ಅಂದಾಗ ನಂದೂ ಕೇಳಿ. ವೇ, ಕ್ರಿಯಾಟಿನ್ ಎರಡೂ ತಗೊಳ್ತಿದ್ದೆ, ಕಿಡ್ನಿಗೆ ಅಂತ ಮಾಡಿಸಿದ ರಕ್ತಪರೀಕ್ಷೆಲಿ ಕ್ರಿಯಾಟಿನೈನ್ ಜಾಸ್ತಿ, 1.4 ಬಂತು, ಮನೇಲಿ ಎಲ್ಲಾ "ಪುಡಿ ಕಿಡ್ನಿ ತಿಂತು" ಅಂದ್ರು, ಎಲ್ಲಾ ಬಿಟ್ಬಿಟ್ಟೆ.

---

ಕ್ರಿಯಾಟಿನೈನ್ ಬರೋದೇ ಸ್ನಾಯುಗಳಿಂದ ತಮ್ಮಾ, ಮೈಕಟ್ಟು ಜಾಸ್ತಿ ಇದ್ದು ಕ್ರಿಯಾಟಿನ್ ಬೇರೆ ತಗೊಂಡ್ರೆ ಕಿಡ್ನಿ ಚೆನ್ನಾಗಿದ್ರೂ ಏರಬಹುದು. ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಸಿಸ್ಟಾಟಿನ್-ಸಿ ನೋಡಿಸಿದ್ರೆ ನಿಜ ಗೊತ್ತಾಗುತ್ತೆ, ಡಾಕ್ಟರ್‌ನ ಕೇಳು.

"ಹೊರೆ" ನಂಗೆ ಒಪ್ಪಿಗೆ ಇಲ್ಲ. ಪ್ರೋಟೀನ್ ಜಾಸ್ತಿ ತಿಂದಾಗ ಕಿಡ್ನಿ ಸೋಸೋ ವೇಗ ಏರುತ್ತೆ, ಮೆಟ್ಟಿಲು ಹತ್ತಿದಾಗ ಎದೆಬಡಿತ ಏರಲ್ವಾ ಹಾಗೆ. ಆರೋಗ್ಯವಂತರಲ್ಲಿ ಅದರಿಂದ ಕಿಡ್ನಿ ಹಾಳಾಯ್ತು ಅಂತ ಅಧ್ಯಯನಗಳು ತೋರಿಸಿಲ್ಲ. ಕಿಡ್ನಿ ಕಾಯಿಲೆ ಮೊದ್ಲೇ ಇದ್ದೋರಿಗೆ ಡಾಕ್ಟರು ಪ್ರೋಟೀನ್ ಕಮ್ಮಿ ಮಾಡಿಸ್ತಾರೆ, ಹೆದರಿಕೆ ಹುಟ್ಟಿದ್ದು ಅಲ್ಲಿಂದ. ಆ ಸಾಲು ಕರಪತ್ರದಲ್ಲಿ ಬೇರೆಯಾಗೇ ಇರಲಿ.

---

ಹಾಗಾದ್ರೆ "ಹೊರೆ" ತೆಗೆದು "ಕೆಲಸ ಹೆಚ್ಚುತ್ತೆ" ಅಂತ ಹಾಕ್ತೀನಿ ಸರ್. ವೇಗೆ ಮಾತ್ರ ಇನ್ನೂ ಪದ ಸಿಕ್ಕಿಲ್ಲ. ಒಡೆದ ಹಾಲಿನ ನೀರು ಅಂದ್ರೆ ಈಗ ಮೇಡಂ ಹೇಳಿದ ಪನೀರ್ ನೀರೇ ಕಣ್ಮುಂದೆ ಬರುತ್ತೆ. ನಿಮ್ಮ ಕಡೆ ಚೀಸ್ ನೀರಿಗೆ ಏನಾದ್ರೂ ಅಂತಾರಾ?