ಸಹಾಯ ಬೇಕು: ಹೊಸ ಕಬಡ್ಡಿ ತಂಡದ ಹುಡುಗರನ್ನು ಒಗ್ಗೂಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ನಾಲ್ಕು ಶಾಲೆಗಳಿಂದ 12 ಹುಡುಗರನ್ನು ಆರಿಸಿ 16 ವರ್ಷದೊಳಗಿನವರ ತಂಡ ಕಟ್ಟಿದ್ದೇವೆ. ಒಬ್ಬೊಬ್ಬರೂ ಚೆನ್ನಾಗಿ ಆಡುತ್ತಾರೆ, ಆದರೆ ಒಟ್ಟಿಗೆ ಆಡಿದವರಲ್ಲ. ಪಂದ್ಯಕ್ಕೆ ಇನ್ನು ಮೂರೇ ವಾರ.

ತೊಂದರೆ ಕಾಣುವುದು ಹಿಡಿತದಲ್ಲಿ. ಮೊನ್ನೆ ಎಡ ಕಾರ್ನರ್ ಹುಡುಗ ರೈಡರ್‌ನ ಕಾಲು ಸರಿಯಾಗೇ ಹಿಡಿದ. ಪಕ್ಕದಲ್ಲಿದ್ದವನು ಬೇರೆ ಶಾಲೆಯವನು, ಕೈ ಬಿಟ್ಟು ನೋಡುತ್ತಾ ನಿಂತ. ರೈಡರ್ ಎಳೆದುಕೊಂಡೇ ಗೆರೆ ಮುಟ್ಟಿದ. ಹಿಡಿದವನಿಗೆ ನಂಬಿಕೆ ಹೋಯಿತು, ಮುಂದಿನ ರೈಡಿಗೆ ಅವನು ಮುಂದೆ ಬರಲೇ ಇಲ್ಲ.

ಈಗ ದಿನಾ ಹತ್ತು ನಿಮಿಷ ಒಂದು ಆಟ ಆಡಿಸುತ್ತಿದ್ದೇನೆ. ಬೇರೆ ಬೇರೆ ಶಾಲೆಯ ಇಬ್ಬರು ಕೈ ಹಿಡಿದು, 30 ಸೆಕೆಂಡು ರೈಡರ್ ಹೋದಲ್ಲೆಲ್ಲ ಜೊತೆಯಾಗಿ ಸರಿಯಬೇಕು. ಹಿಡಿಯುವಂತಿಲ್ಲ, ಕೈಯೂ ಬಿಡುವಂತಿಲ್ಲ. ನುಗ್ಗಬೇಕೆನಿಸಿದರೆ ಜೊತೆಗಾರನ ಹೆಸರು ಕೂಗಬೇಕು. ಮೊದಲ ದಿನ ಅರ್ಧಕ್ಕರ್ಧ ಮಂದಿಗೆ ಹೆಸರೇ ಗೊತ್ತಿರಲಿಲ್ಲ! ನಾಲ್ಕನೇ ದಿನಕ್ಕೆ ಕೂಗು ಬಾಯಿಗೆ ಬಂತು, ಕೈ ಬಿಡುವುದೂ ಕಡಿಮೆಯಾಯಿತು.

ಆದರೆ ಅಂಕಣದಿಂದ ಆಚೆ ಬಂದರೆ ಮತ್ತೆ ನಾಲ್ಕು ಗುಂಪು. ಮಂಡಕ್ಕಿ ತಿನ್ನುವಾಗಲೂ ಅವರವರ ಶಾಲೆಯವರೇ ಒಟ್ಟಿಗೆ. ಜೋಡಿ ಮಾಡಿ ಮಣ್ಣು ಹದ ಮಾಡಿಸಿ, ನೀರು ಹಾಕಿಸಿ ನೋಡಿದೆ. ಕೆಲಸ ಮುಗಿಯಿತು, ಮಾತು ಹುಟ್ಟಲಿಲ್ಲ.

ಇಂಥ ತಂಡ ಕಟ್ಟಿದವರು ದಯವಿಟ್ಟು ತಿಳಿಸಿ: ಅಂಕಣದ ಹೊರಗೆ ಏನು ಮಾಡಿಸಿದಿರಿ? ನಾಯಕನನ್ನು ಈಗಲೇ ಆರಿಸಲೋ, ಒಂದು ವಾರ ಸರದಿಯಲ್ಲಿ ಕೊಟ್ಟು ನೋಡಲೋ? ದೊಡ್ಡ ಶಾಲೆಯ ಐವರು ತಮ್ಮವನನ್ನೇ ಆರಿಸುತ್ತಾರೆ ಅನ್ನೋದು ನನ್ನ ಭಯ.